ಎಕ್ಸಾಸ್ಟ್ ಬಿಸಿ ಏರಿದೆ: ತಪ್ಪು ಗಾಳಿಯದೋ, ಎಣ್ಣೆಯದೋ? ಹಡಗಿನ ಎಂಜಿನ್ನಿನ ಟರ್ಬೋ ಮತ್ತು ಇಂಧನ ವ್ಯವಸ್ಥೆ, ಹಂತ ಹಂತವಾಗಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಮೆಕ್ಯಾನಿಕಲ್ ಡಿಪ್ಲೊಮಾ ಅಥವಾ ಬಿಇ ಮುಗಿಸಿ ಮರ್ಚೆಂಟ್ ನೇವಿಯ ಎಂಜಿನ್ ವಿಭಾಗಕ್ಕೆ ಹೊರಡುವ ಹುಡುಗರು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಓರಲ್ ಪರೀಕ್ಷೆಯಲ್ಲಿ ಎಕ್ಸಾಸ್ಟ್ ಟೆಂಪರೇಚರ್ ಜಾಸ್ತಿ ಆದ್ರೆ ಏನ್ ನೋಡ್ತೀಯ ಅಂತಾರೆ. ಟರ್ಬೋ ಅನ್ನಬೇಕಾ, ಫ್ಯೂಯಲ್ ವಾಲ್ವ್ ಅನ್ನಬೇಕಾ?" ಎರಡರಲ್ಲಿ ಯಾವುದನ್ನು ಹೇಳಿದರೂ ಎದುರಿಗಿರುವವರು ಮರುಪ್ರಶ್ನೆ ಹಾಕುತ್ತಾರೆ, ಹುಡುಗ ಅಲ್ಲೇ ನಿಲ್ಲುತ್ತಾನೆ. ಟರ್ಬೋ ಒಂದು ಪಾಠ, ಇಂಧನ ಇನ್ನೊಂದು ಪಾಠ ಎಂದು ಬೇರೆ ಬೇರೆ ಓದಿಕೊಂಡಿರುವುದೇ ಇದಕ್ಕೆ ಕಾರಣ. ಓಡುವ ಎಂಜಿನ್ನಿನಲ್ಲಿ ಅವೆರಡೂ ಒಂದೇ ಸರಪಳಿಯ ಕೊಂಡಿಗಳು. ಇಲ್ಲಿ ಎರಡನ್ನೂ ಒಟ್ಟಿಗೆ ಹಿಡಿದು, ಕೊನೆಯಲ್ಲಿ ಒಂದು ಲಾಗ್ ಪುಟವನ್ನು ಬಿಡಿಸಿ ನೋಡೋಣ.

ನಿಮಗೆ ಗೊತ್ತಿರಬೇಕಾದದ್ದು ಇಷ್ಟೆ: ಟೂ ಸ್ಟ್ರೋಕ್ ಎಂಜಿನ್ ಹೇಗೆ ತಿರುಗುತ್ತದೆ ಎಂಬ ಅಂದಾಜು, ಬಾರ್ ಎಂಬ ಒತ್ತಡದ ಅಳತೆ, ಮತ್ತು ಭಾಗಾಕಾರ. ಕೈಯಲ್ಲೊಂದು ಹಾಳೆ, ಪೆನ್ಸಿಲ್ ಇರಲಿ.

1. ಮೊದಲು ಎಂಜಿನ್ನಿನ ಗಾತ್ರ ತಲೆಗೆ ಹೋಗಲಿ

ಅಂತರಸನಹಳ್ಳಿಯ ಗ್ಯಾರೇಜಿನಲ್ಲಿ ಲಾರಿಯ ಟರ್ಬೋ ಬಿಚ್ಚಿ ನೋಡಿರುವವರಿಗೆ ಹಡಗಿನ ಟರ್ಬೋ ಹೊಸದೇನಲ್ಲ. ಹೊಸದು ಅದರ ಹಿಂದಿರುವ ಎಂಜಿನ್. ಉದಾಹರಣೆಗೆ 60 ಸೆಂಟಿಮೀಟರ್ ಬೋರ್, 2.4 ಮೀಟರ್ ಸ್ಟ್ರೋಕ್ ಇರುವ ಆರು ಸಿಲಿಂಡರಿನ ಎಂಜಿನ್ ತೆಗೆದುಕೊಳ್ಳಿ. ಬಲ್ಕ್ ಕ್ಯಾರಿಯರ್, ಟ್ಯಾಂಕರ್‌ಗಳಲ್ಲಿ ಈ ಅಳತೆ ಸಾಮಾನ್ಯ. ಪೂರ್ಣ ಶಕ್ತಿಯಲ್ಲಿ ಇದು ನಿಮಿಷಕ್ಕೆ ಸುಮಾರು 105 ಸುತ್ತು ಮಾತ್ರ ತಿರುಗುತ್ತದೆ. ಕೊಡುವ ಶಕ್ತಿ 13,500 ಕಿಲೋವ್ಯಾಟ್ ಆಸುಪಾಸು. ಹಡಗು ಸಾಮಾನ್ಯವಾಗಿ ಓಡುವ ಮುಕ್ಕಾಲು ಲೋಡಿನಲ್ಲಿ 95 ಸುತ್ತು, 10,000 ಕಿಲೋವ್ಯಾಟ್. ದಿನಕ್ಕೆ 40 ಟನ್ ಎಣ್ಣೆ ಕುಡಿಯುತ್ತದೆ.

ಈ ಲೆಕ್ಕವನ್ನು ಒಂದು ಸಿಲಿಂಡರಿಗೆ, ಒಂದು ಸುತ್ತಿಗೆ ಇಳಿಸಿ ನೋಡಿ. ಪ್ರತಿ ಸುತ್ತಿಗೂ ಒಂದು ಸಿಲಿಂಡರಿಗೆ ಬೀಳುವ ಎಣ್ಣೆ ಸುಮಾರು 50 ಗ್ರಾಂ. ಅಷ್ಟನ್ನು ಒಂದು ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ಹೊತ್ತಿನಲ್ಲಿ ಮಂಜಿನಂತೆ ಸಿಂಪಡಿಸಿ ಮುಗಿಸಬೇಕು. ಒಂದು ಕಿಲೋ ಎಣ್ಣೆ ಪೂರ್ತಿ ಸುಡಲು ಸುಮಾರು 14 ಕಿಲೋ ಗಾಳಿ ಸಾಕು. ಆದರೆ ಈ ಎಂಜಿನ್ನಿನೊಳಗೆ ಹಾದುಹೋಗುವ ಗಾಳಿ ಅದರ ಮೂರು ಪಟ್ಟಿಗೂ ಹೆಚ್ಚು. ಹೆಚ್ಚುವರಿ ಗಾಳಿ ಹಳೆಯ ಹೊಗೆಯನ್ನು ಹೊರದೂಡುತ್ತದೆ. ಲೈನರ್, ಪಿಸ್ಟನ್ ತಲೆ, ಎಕ್ಸಾಸ್ಟ್ ವಾಲ್ವುಗಳನ್ನು ತಂಪಾಗಿಡುತ್ತದೆ. ಈ ಕೊನೆಯ ಕೆಲಸವನ್ನು ನೆನಪಿಡಿ. ಗಾಳಿ ಕಡಿಮೆಯಾದರೆ ಎಣ್ಣೆ ಸುಡದೆ ಉಳಿಯುವುದಕ್ಕೆ ಬಹಳ ಮುಂಚೆಯೇ ಬಿಸಿ ಏರಲು ಶುರುವಾಗುತ್ತದೆ.

2. ಗಾಳಿಯ ದಾರಿ ಹಿಡಿದು ನಡೆಯಿರಿ

ಟೂ ಸ್ಟ್ರೋಕ್ ಎಂಜಿನ್ ತಾನಾಗಿ ಉಸಿರೆಳೆಯುವುದಿಲ್ಲ. ಪಿಸ್ಟನ್ ಕೆಳಗಿಳಿದಾಗ ಲೈನರಿನ ಬುಡದಲ್ಲಿರುವ ಪೋರ್ಟ್‌ಗಳು, ಅಂದರೆ ಸುತ್ತಲೂ ಕೊರೆದ ಕಿಂಡಿಗಳು, ತೆರೆದುಕೊಳ್ಳುತ್ತವೆ. ಮೇಲೆ ಎಕ್ಸಾಸ್ಟ್ ವಾಲ್ವ್ ಅದಾಗಲೇ ತೆರೆದಿರುತ್ತದೆ. ಕೆಳಗಿನಿಂದ ಗಾಳಿ ನುಗ್ಗಿ ಹೊಗೆಯನ್ನು ಮೇಲಿನಿಂದ ಆಚೆ ತಳ್ಳಬೇಕು. ಇದಕ್ಕೆ ಸ್ಕ್ಯಾವೆಂಜಿಂಗ್ ಎನ್ನುತ್ತಾರೆ. ಕೆಳಗಿನ ಗಾಳಿಯ ಒತ್ತಡ ಮೇಲಿನ ಹೊಗೆಯ ಒತ್ತಡಕ್ಕಿಂತ ಹೆಚ್ಚಿದ್ದರೆ ಮಾತ್ರ ಇದು ನಡೆಯುತ್ತದೆ. ಆ ಒತ್ತಡ ಹುಟ್ಟಿಸುವುದೇ ಟರ್ಬೋಚಾರ್ಜರ್.

ಆರೂ ಸಿಲಿಂಡರುಗಳ ಹೊಗೆ ಎಕ್ಸಾಸ್ಟ್ ರಿಸೀವರ್ ಎಂಬ ದೊಡ್ಡ ಉರುಳೆಯೊಳಗೆ ಸೇರುತ್ತದೆ. ಅಲ್ಲಿ ಏರಿಳಿತ ಅಡಗಿ, ಒಂದೇ ಸಮನಾದ ಒತ್ತಡದಲ್ಲಿ ಟರ್ಬೈನ್ ಕಡೆಗೆ ಹರಿಯುತ್ತದೆ. ಟರ್ಬೈನ್ ಚಕ್ರದ ಮುಂದೆ ನಾಝಲ್ ರಿಂಗ್ ಇದೆ; ಹೊಗೆಯ ವೇಗ ಹೆಚ್ಚಿಸಿ, ಅದನ್ನು ಸರಿಯಾದ ಕೋನದಲ್ಲಿ ಬ್ಲೇಡುಗಳ ಮೇಲೆ ಬಿಡುವ ಸ್ಥಿರ ರೆಕ್ಕೆಗಳ ಬಳೆ ಅದು. ಟರ್ಬೈನ್ ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗೂ ಮೇಲೆ ತಿರುಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿ ಕಂಪ್ರೆಸರ್ ಚಕ್ರ. ಅದು ಎಂಜಿನ್ ರೂಮಿನ ಗಾಳಿಯನ್ನು ಫಿಲ್ಟರಿನ ಮೂಲಕ ಎಳೆದು, ಡಿಫ್ಯೂಸರಿನಲ್ಲಿ ವೇಗವನ್ನು ಒತ್ತಡವಾಗಿ ಮಾರ್ಪಡಿಸುತ್ತದೆ.

ಹೀಗೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಲೋಡ್ ಹೆಚ್ಚಿದ್ದಾಗ 150 ಡಿಗ್ರಿ ದಾಟುವುದು ಮಾಮೂಲು. ಬಿಸಿ ಗಾಳಿ ಹಗುರ, ಸಿಲಿಂಡರಿನಲ್ಲಿ ಕಡಿಮೆ ತೂಕ ಹಿಡಿಯುತ್ತದೆ. ಆದ್ದರಿಂದ ಅದನ್ನು ಏರ್ ಕೂಲರಿನಲ್ಲಿ 40 ಡಿಗ್ರಿ ಆಸುಪಾಸಿಗೆ ಇಳಿಸುತ್ತಾರೆ. ಸಮುದ್ರದ ಮೇಲಿನ ಗಾಳಿಯಲ್ಲಿ ತೇವ ಜಾಸ್ತಿ. ಒತ್ತಡದಲ್ಲಿ ತಂಪಾದಾಗ ಆ ತೇವ ನೀರಾಗಿ ಇಳಿಯುತ್ತದೆ, ಉಷ್ಣವಲಯದ ಸಮುದ್ರದಲ್ಲಿ ದಿನಕ್ಕೆ ಟನ್‌ಗಟ್ಟಲೆ. ಕೂಲರಿನ ನಂತರ ಇರುವ ವಾಟರ್ ಮಿಸ್ಟ್ ಕ್ಯಾಚರ್ ಈ ಹನಿಗಳನ್ನು ಹಿಡಿದು ಡ್ರೈನಿಗೆ ಬಿಡುತ್ತದೆ. ಡ್ರೈನ್ ಕಟ್ಟಿಕೊಂಡರೆ ನೀರು ಸಿಲಿಂಡರಿಗೆ ಹೋಗಿ ಲೈನರಿನ ಮೇಲಿನ ಕೀಲೆಣ್ಣೆಯ ಪದರವನ್ನು ತೊಳೆದುಬಿಡುತ್ತದೆ. ವಾಚಿನಲ್ಲಿ ನಿಂತಾಗ ಡ್ರೈನಿನ ಸೈಟ್ ಗ್ಲಾಸಿನಲ್ಲಿ ನೀರು ಹರಿಯುತ್ತಿದೆಯೇ ಎಂದು ಕಣ್ಣಾರೆ ನೋಡಿ. ಬೆವರುವ ಹವೆಯಲ್ಲಿ ಅಲ್ಲಿ ಏನೂ ಕಾಣಿಸದಿದ್ದರೆ ಅದು ಒಳ್ಳೆಯ ಸುದ್ದಿ ಅಲ್ಲ.

ಎಂಜಿನ್ ಸ್ಟಾರ್ಟ್ ಆಗುವಾಗ ಹೊಗೆಯೇ ಇಲ್ಲ, ಟರ್ಬೋ ತಿರುಗುವುದು ಹೇಗೆ? ಅದಕ್ಕೇ ಕರೆಂಟಿನಲ್ಲಿ ಓಡುವ ಆಕ್ಸಿಲರಿ ಬ್ಲೋವರುಗಳಿವೆ. ಲೋಡ್ ಕಡಿಮೆ ಇರುವವರೆಗೆ ಅವು ಗಾಳಿ ಒದಗಿಸುತ್ತವೆ. ಸ್ಕ್ಯಾವೆಂಜ್ ಒತ್ತಡ ನಿಗದಿತ ಮಟ್ಟ ದಾಟಿದಾಗ ತಾವಾಗಿಯೇ ನಿಲ್ಲುತ್ತವೆ, ಇಳಿದಾಗ ಮತ್ತೆ ಶುರುವಾಗುತ್ತವೆ. ನಿಂತ ಬ್ಲೋವರಿನ ಮೂಲಕ ಗಾಳಿ ಹಿಂದಕ್ಕೆ ಸೋರದಂತೆ ನಾನ್ ರಿಟರ್ನ್ ಫ್ಲಾಪುಗಳಿರುತ್ತವೆ. ಆ ಫ್ಲಾಪು ಮುರಿದರೆ ಸ್ಕ್ಯಾವೆಂಜ್ ಒತ್ತಡ ಕುಸಿಯುತ್ತದೆ. ಎಲ್ಲರೂ ಟರ್ಬೋ ಬಿಚ್ಚುವ ಮಾತಾಡುತ್ತಾರೆ, ಫ್ಲಾಪಿನ ಕಡೆ ಕೊನೆಗೆ ನೋಡುತ್ತಾರೆ.

3. ಎಣ್ಣೆಯ ದಾರಿ: ಟ್ಯಾಂಕಿನಿಂದ ನಾಝಲ್‌ವರೆಗೆ

ಹಡಗಿನ ಹೆವಿ ಫ್ಯೂಯಲ್ ಆಯಿಲ್ ನಮ್ಮ ಬಂಕಿನ ಡೀಸೆಲ್ ಅಲ್ಲ. ಕಚ್ಚಾ ತೈಲದಿಂದ ಪೆಟ್ರೋಲ್, ಡೀಸೆಲ್ ತೆಗೆದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಎಣ್ಣೆ. ತಣ್ಣಗಿದ್ದಾಗ ಆರಿದ ಬೆಲ್ಲದ ಪಾಕದ ಹಾಗೆ ಕೂತಿರುತ್ತದೆ. 380 ದರ್ಜೆಯ ಎಣ್ಣೆ ಎಂದರೆ 50 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ಪ್ರತಿರೋಧ, 380 ಸೆಂಟಿಸ್ಟೋಕ್‌ವರೆಗೆ ಇರಬಹುದು ಎಂದರ್ಥ. ಎಂಜಿನ್ನಿಗೆ ಬೇಕಿರುವುದು 10ರಿಂದ 15 ಸೆಂಟಿಸ್ಟೋಕ್. ಇಂಧನ ವ್ಯವಸ್ಥೆಯ ಬಹುಪಾಲು ಯಂತ್ರಗಳು ಇರುವುದು ಈ ಅಂತರವನ್ನು ದಾಟಿಸಲಿಕ್ಕೆ.

ಬಂದರಿನಲ್ಲಿ ತುಂಬಿಸಿಕೊಂಡ ಎಣ್ಣೆ ಬಂಕರ್ ಟ್ಯಾಂಕಿನಿಂದ ಸೆಟ್ಲಿಂಗ್ ಟ್ಯಾಂಕಿಗೆ ಬರುತ್ತದೆ. ಅಲ್ಲಿ ಬೆಚ್ಚಗೆ ನಿಂತು ನೀರು, ಗಸಿ ತಳಕ್ಕಿಳಿಯುತ್ತವೆ. ಆಮೇಲೆ ಸುಮಾರು 98 ಡಿಗ್ರಿಗೆ ಕಾಯಿಸಿ ಪ್ಯೂರಿಫೈಯರಿಗೆ ಬಿಡುತ್ತಾರೆ. ಅದು ಎಣ್ಣೆಯನ್ನು ಭಾರಿ ವೇಗದಲ್ಲಿ ತಿರುಗಿಸಿ, ತೂಕದ ವ್ಯತ್ಯಾಸದಿಂದ ನೀರನ್ನೂ ಕಸವನ್ನೂ ಬೇರ್ಪಡಿಸುವ ಯಂತ್ರ. ಶುದ್ಧವಾದ ಎಣ್ಣೆ ಸರ್ವಿಸ್ ಟ್ಯಾಂಕಿಗೆ ಹೋಗುತ್ತದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ರಿಫೈನರಿಯಲ್ಲಿ ಬಳಸುವ ಕ್ಯಾಟಲಿಸ್ಟಿನ ಪುಡಿ, ಅಂದರೆ ಅಲ್ಯೂಮಿನಿಯಂ ಮತ್ತು ಸಿಲಿಕಾನ್ ಇರುವ ಗಟ್ಟಿ ಕಣಗಳು, ಎಣ್ಣೆಯ ಜತೆ ಬರುತ್ತವೆ. ಇವಕ್ಕೆ ಕ್ಯಾಟ್ ಫೈನ್ಸ್ ಎಂಬ ಹೆಸರು. ಹಡಗಿಗೆ ತುಂಬಿಸುವ 380 ದರ್ಜೆಯ ಎಣ್ಣೆಯಲ್ಲಿ ದಶಲಕ್ಷಕ್ಕೆ 60 ಭಾಗದವರೆಗೆ ಇರಲು ಮಾನದಂಡ ಬಿಡುತ್ತದೆ. ಆದರೆ ಎಂಜಿನ್ನಿನ ಬಾಗಿಲಲ್ಲಿ 15ಕ್ಕಿಂತ ಕೆಳಗಿರಬೇಕು. ಈ ಕಣಗಳು ಲೈನರ್, ಪಿಸ್ಟನ್ ರಿಂಗ್, ಫ್ಯೂಯಲ್ ಪಂಪಿನ ಪ್ಲಂಜರ್‌ಗಳಲ್ಲಿ ನಾಟಿಕೊಂಡು ಉಪ್ಪುಕಾಗದದಂತೆ ಉಜ್ಜುತ್ತವೆ. ಪ್ಯೂರಿಫೈಯರಿನಲ್ಲಿ ಹರಿವು ಹೆಚ್ಚಿಸಿದಷ್ಟೂ, ಬಿಸಿ 98ರಿಂದ ಇಳಿದಷ್ಟೂ ಕಣಗಳು ದಾಟಿಕೊಂಡು ಹೋಗುತ್ತವೆ. ಬೇಗ ಸರ್ವಿಸ್ ಟ್ಯಾಂಕ್ ತುಂಬಲಿ ಎಂದು ಹರಿವು ಏರಿಸುವುದು ಬಹಳ ಕಡೆ ನಡೆಯುವ ತಪ್ಪು. ಎಂಜಿನ್ ಖರ್ಚು ಮಾಡುವುದಕ್ಕಿಂತ ತುಸು ಹೆಚ್ಚಿದ್ದರೆ ಸಾಕು.

ಸರ್ವಿಸ್ ಟ್ಯಾಂಕಿನಿಂದ ಸಪ್ಲೈ ಪಂಪ್ ಸುಮಾರು 4 ಬಾರ್ ಒತ್ತಡದಲ್ಲಿ ಎಣ್ಣೆ ತಳ್ಳುತ್ತದೆ, ನಂತರ ಸರ್ಕ್ಯುಲೇಟಿಂಗ್ ಪಂಪ್ ಅದನ್ನು ಹತ್ತು ಬಾರ್ ಆಸುಪಾಸಿಗೆ ಏರಿಸಿ, ಹೀಟರಿನ ಮೂಲಕ ಎಂಜಿನ್ನಿಗೆ ಕಳಿಸುತ್ತದೆ. ಹೀಟರ್ ಎಣ್ಣೆಯನ್ನು 130–150 ಡಿಗ್ರಿಗೆ ಕಾಯಿಸುತ್ತದೆ. ಒತ್ತಡ ಯಾಕೆ ಬೇಕು? ಎಣ್ಣೆಯಲ್ಲಿ ಉಳಿದ ಚೂರು ನೀರು ಆ ಬಿಸಿಗೆ ಆವಿಯಾಗಿ ಗುಳ್ಳೆ ಏಳಬಾರದು, ಅದಕ್ಕೆ. ಎಂಜಿನ್ ಬಳಸುವುದಕ್ಕಿಂತ ಹೆಚ್ಚು ಎಣ್ಣೆ ಸುತ್ತುತ್ತಿರುತ್ತದೆ. ಉಳಿದದ್ದು ವೆಂಟಿಂಗ್ ಬಾಕ್ಸಿಗೆ ಮರಳಿ ಅಲ್ಲಿಂದಲೇ ಮತ್ತೆ ಪಂಪಿಗೆ ಹೋಗುತ್ತದೆ.

ಹೀಟರಿನ ನಂತರ ವಿಸ್ಕೋಮೀಟರ್ ಇದೆ, ಸ್ನಿಗ್ಧತೆ ಅಳೆದು ಹಬೆಯ ವಾಲ್ವನ್ನು ನಿಯಂತ್ರಿಸುತ್ತದೆ. ನೆನಪಿಡಿ: ಗುರಿ ಡಿಗ್ರಿಯಲ್ಲ, ಸ್ನಿಗ್ಧತೆ. ಹೋದ ಬಂದರಿನ ಎಣ್ಣೆಗೆ 138 ಡಿಗ್ರಿ ಬೇಕಾಗಿತ್ತೆಂದು ಈ ಬಂದರಿನ ಎಣ್ಣೆಗೂ 138ಕ್ಕೆ ಕೈಯಿಂದ ಹೊಂದಿಸಿ ಕೂತರೆ ಕೆಲಸ ಕೆಡುತ್ತದೆ. ದಪ್ಪವಾದರೆ ಸಿಂಪಡಿಕೆ ಒರಟಾಗಿ ಸುಡುವುದು ತಡವಾಗುತ್ತದೆ. ತೆಳುವಾದರೆ ಪಂಪಿನ ಪ್ಲಂಜರ್ ಪಕ್ಕದಿಂದ ಸೋರುತ್ತದೆ.

ಕೊನೆಯ ಹೆಜ್ಜೆ ಫ್ಯೂಯಲ್ ಪಂಪ್. ಕ್ಯಾಮ್‌ಶಾಫ್ಟ್ ಇರುವ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಒಂದು. ಕ್ಯಾಮ್ ಪ್ಲಂಜರನ್ನು ಮೇಲೆತ್ತಿ ಎಣ್ಣೆಯನ್ನು ನೂರಾರು ಬಾರ್‌ಗೆ ಒತ್ತುತ್ತದೆ. ಪ್ಲಂಜರಿನ ಮೈಮೇಲೆ ಓರೆಯಾಗಿ ಕೊರೆದ ಅಂಚು ಒಂದು ಕಿಂಡಿಯನ್ನು ತೆರೆದ ಕ್ಷಣ ಇಂಜೆಕ್ಷನ್ ಮುಗಿಯುತ್ತದೆ. ರ್ಯಾಕ್ ಎಂಬ ಸರಳು ಪ್ಲಂಜರನ್ನು ತಿರುಗಿಸಿ ಆ ಕ್ಷಣವನ್ನು ಹಿಂದುಮುಂದು ಮಾಡುತ್ತದೆ. ಎಣ್ಣೆ ಹೆಚ್ಚುಕಡಿಮೆ ಆಗುವುದು ಹೀಗೆ. ರ್ಯಾಕ್ ಎಲ್ಲಿ ನಿಂತಿದೆ ಎಂಬ ಅಂಕಿಯೇ ಫ್ಯೂಯಲ್ ಇಂಡೆಕ್ಸ್. ಅಲ್ಲಿಂದ ಎಣ್ಣೆ ಎರಡು ಪದರದ ಕೊಳವೆಯಲ್ಲಿ ಹೋಗಿ, ಸಿಲಿಂಡರ್ ತಲೆಯಲ್ಲಿರುವ ಎರಡೋ ಮೂರೋ ಫ್ಯೂಯಲ್ ವಾಲ್ವುಗಳ ಸ್ಪ್ರಿಂಗನ್ನು 350 ಬಾರ್ ಆಸುಪಾಸಿನಲ್ಲಿ ಎತ್ತಿ, ನಾಝಲಿನ ಸಣ್ಣ ತೂತುಗಳಿಂದ ಸಿಡಿಯುತ್ತದೆ. ಒಳ ಕೊಳವೆ ಬಿರಿದರೆ ಎಣ್ಣೆ ಹೊರ ಪದರದೊಳಗೇ ಹರಿದು ಅಲಾರಂ ಕೊಡುತ್ತದೆ, ಬಿಸಿ ಎಕ್ಸಾಸ್ಟಿನ ಮೇಲೆ ಚಿಮ್ಮುವುದಿಲ್ಲ. ಈಗಿನ ಎಲೆಕ್ಟ್ರಾನಿಕ್ ಎಂಜಿನ್ನುಗಳಲ್ಲಿ ಕ್ಯಾಮಿನ ಜಾಗದಲ್ಲಿ ಹೈಡ್ರಾಲಿಕ್ ಒತ್ತಡ ಅಥವಾ ಕಾಮನ್ ರೈಲ್ ಇರುತ್ತದೆ. ಎಣ್ಣೆಯ ಗುಣಕ್ಕೆ ಬೇಕಾದ ಶಿಸ್ತು ಬದಲಾಗಿಲ್ಲ.

ಎಚ್ಚರಿಕೆ: ಸೋರುತ್ತಿರುವ ಹೈ ಪ್ರೆಶರ್ ಕೊಳವೆಯ ಹತ್ತಿರ ಬೆರಳಿಡಬೇಡಿ. ಆ ಒತ್ತಡದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಕೈಯೇ ಹೋಗಬಹುದು.

4. ಎರಡೂ ದಾರಿ ಸೇರುವ ಜಾಗ

ಎಂಜಿನ್ನಿನ ಸುತ್ತನ್ನು ಕಾಯುವ ಗವರ್ನರ್ ಎಣ್ಣೆ ಹೆಚ್ಚಿಸಬಲ್ಲದು, ಗಾಳಿಯನ್ನು ಹೆಚ್ಚಿಸಲಾರದು. ಗಾಳಿ ಹೆಚ್ಚಬೇಕಾದರೆ ಮೊದಲು ಹೆಚ್ಚು ಎಣ್ಣೆ ಸುಡಬೇಕು, ಆಗ ಹೊಗೆಯ ಶಕ್ತಿ ಹೆಚ್ಚಿ ಟರ್ಬೋ ವೇಗ ಏರಬೇಕು. ಟರ್ಬೋ ಭಾರವಾದ ಚಕ್ರ, ಅದಕ್ಕೆ ಸಮಯ ಹಿಡಿಯುತ್ತದೆ. ಹಾಗಾಗಿ ವೇಗ ಹೆಚ್ಚಿಸಿದ ತಕ್ಷಣ ಕೆಲ ಹೊತ್ತು ಎಣ್ಣೆ ಮುಂದೆ, ಗಾಳಿ ಹಿಂದೆ. ಚಿಮಣಿಯಲ್ಲಿ ಕಪ್ಪು ಹೊಗೆ ಕಾಣುವುದು ಆಗಲೇ. ಈ ಅಂತರ ಕೈಮೀರದಂತೆ ಗವರ್ನರಿನಲ್ಲಿ ಸ್ಕ್ಯಾವೆಂಜ್ ಏರ್ ಲಿಮಿಟರ್ ಇಟ್ಟಿರುತ್ತಾರೆ. ಗಾಳಿ ಬರುವವರೆಗೆ ಅದು ಎಣ್ಣೆಯನ್ನು ತಡೆಯುತ್ತದೆ. ಎಂಜಿನ್ ಮಂದವಾಗಿದೆ ಎಂದು ಆ ಲಿಮಿಟರನ್ನು ತೆಗೆದುಹಾಕುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ.

ಸರಪಳಿ ಉಲ್ಟಾ ದಿಕ್ಕಿನಲ್ಲೂ ಕೆಲಸ ಮಾಡುತ್ತದೆ. ಸೋರುವ ಒಂದು ಫ್ಯೂಯಲ್ ವಾಲ್ವ್ ಮಸಿ ಹುಟ್ಟಿಸುತ್ತದೆ. ಮಸಿ ನಾಝಲ್ ರಿಂಗಿಗೆ, ಟರ್ಬೈನ್ ಬ್ಲೇಡಿಗೆ, ಸ್ಕ್ಯಾವೆಂಜ್ ಪೋರ್ಟಿಗೆ ಅಂಟುತ್ತದೆ. ಗಾಳಿ ಕಡಿಮೆಯಾಗುತ್ತದೆ. ಗಾಳಿ ಕಡಿಮೆಯಾದಾಗ ಉಳಿದ ಸಿಲಿಂಡರುಗಳೂ ಚೆನ್ನಾಗಿ ಸುಡುವುದಿಲ್ಲ, ಮಸಿ ಇನ್ನೂ ಹೆಚ್ಚುತ್ತದೆ.

ಹೀಗಿರುವಾಗ ಮೂಲ ತಪ್ಪು ಎಲ್ಲಿದೆ ಎಂದು ಹಿಡಿಯುವ ಮೊದಲ ಸೂತ್ರ ಸರಳ. ಒಂದೇ ಸಿಲಿಂಡರಿನ ಬಿಸಿ ಏರಿದರೆ ಆ ಸಿಲಿಂಡರಿನ ಎಣ್ಣೆ ಅಥವಾ ವಾಲ್ವ್ ಕಡೆ ನೋಡಿ. ಎಲ್ಲವೂ ಒಟ್ಟಿಗೆ ಏರಿದರೆ ಗಾಳಿಯ ಕಡೆ ನೋಡಿ. ಇದಕ್ಕೆ ಅಪವಾದಗಳಿವೆ, ಆದರೆ ಓರಲ್‌ನಲ್ಲೂ ಎಂಜಿನ್ ರೂಮಿನಲ್ಲೂ ಮಾತು ಶುರುವಾಗಬೇಕಾದದ್ದು ಇಲ್ಲಿಂದ.

5. ಒಂದೇ ಸಿಲಿಂಡರ್ ಬಿಸಿಯಾದಾಗ

ಐದು ಸಿಲಿಂಡರ್ 335 ಡಿಗ್ರಿ ಆಸುಪಾಸಿನಲ್ಲಿವೆ, ನಾಲ್ಕನೆಯದು ಮಾತ್ರ 385 ತೋರಿಸುತ್ತಿದೆ ಎನ್ನಿ. ಮೊದಲು ಸೆನ್ಸರನ್ನೇ ಅನುಮಾನಿಸಿ. ಪಕ್ಕದ ಸಿಲಿಂಡರಿನ ಸೆನ್ಸರಿನ ಜತೆ ಅದಲುಬದಲು ಮಾಡಿ ನೋಡುವುದು ಅಗ್ಗದ ಕೆಲಸ. ಬಿಸಿ ಸೆನ್ಸರಿನ ಜತೆ ಹೋದರೆ ಅಲ್ಲಿಗೆ ಮುಗಿಯಿತು.

ಬಿಸಿ ನಿಜವಾದರೆ ಇಂಡಿಕೇಟರಿನಿಂದ ಎರಡು ಒತ್ತಡ ಅಳೆಯಿರಿ: ಎಣ್ಣೆ ಹೊತ್ತುವ ಮುಂಚಿನ ಕಂಪ್ರೆಷನ್ ಒತ್ತಡ, ಹೊತ್ತಿದ ನಂತರದ ಗರಿಷ್ಠ ಒತ್ತಡ. ಕಂಪ್ರೆಷನ್ ಬೇರೆಯವುಗಳಷ್ಟೇ ಇದ್ದು ಗರಿಷ್ಠ ಒತ್ತಡ ಮಾತ್ರ ಕಡಿಮೆಯಿದ್ದರೆ ಎಣ್ಣೆ ತಡವಾಗಿ ಬೀಳುತ್ತಿದೆ ಅಥವಾ ಕೆಟ್ಟದಾಗಿ ಸಿಂಪಡಿಸುತ್ತಿದೆ: ಸವೆದ ಪಂಪ್, ಕಟ್ಟಿಕೊಂಡ ಇಲ್ಲವೇ ಸೋರುವ ನಾಝಲ್. ಕಂಪ್ರೆಷನ್ ಒತ್ತಡವೇ ಇಳಿದಿದ್ದರೆ ಫ್ಯೂಯಲ್ ವಾಲ್ವ್ ಬದಲಿಸಿ ಪ್ರಯೋಜನವಿಲ್ಲ. ಎಕ್ಸಾಸ್ಟ್ ವಾಲ್ವ್ ಸೀಟು ಸುಟ್ಟಿದೆ, ಅಥವಾ ರಿಂಗ್ ಮುರಿದಿದೆ.

ಬಿಸಿಯ ಜತೆಗೆ ಆ ಸಿಲಿಂಡರಿನ ಸ್ಕ್ಯಾವೆಂಜ್ ಜಾಗದ ತಾಪವೂ ಏರಿ, ಟರ್ಬೋ ಬೊಬ್ಬಿಡಲು ಶುರುಮಾಡಿದರೆ ಅಳತೆಗೆ ನಿಲ್ಲಬೇಡಿ. ಅದು ಸ್ಕ್ಯಾವೆಂಜ್ ಬೆಂಕಿಯ ಲಕ್ಷಣ. ಬ್ರಿಜ್‌ಗೆ ತಿಳಿಸಿ, ವೇಗ ಇಳಿಸಿ, ಚೀಫ್ ಎಂಜಿನಿಯರನ್ನು ಕರೆಯಿರಿ.

ಇಲ್ಲಿ ಮಾಡಬಾರದ್ದು ಒಂದಿದೆ. ಆ ಸಿಲಿಂಡರಿನ ರ್ಯಾಕನ್ನು ಹಿಂದಕ್ಕೆಳೆದು, ಆರೂ ಅಂಕಿಗಳನ್ನು ಸಮ ಮಾಡಿ, ಲಾಗಿನಲ್ಲಿ ಚೆಂದ ಕಾಣುವಂತೆ ಬರೆಯುವುದು. ಆ ಸಿಲಿಂಡರ್ ಮಾಡಬೇಕಾದ ಕೆಲಸ ಉಳಿದ ಐದರ ಮೇಲೆ ಬೀಳುತ್ತದೆ. ಸುಟ್ಟ ವಾಲ್ವ್ ಸುಡುತ್ತಲೇ ಇರುತ್ತದೆ.

6. ಎಲ್ಲವೂ ಬಿಸಿಯಾದಾಗ: ಒಂದು ಲಾಗ್ ಪುಟ

ಈಗ ಪೆನ್ಸಿಲ್ ಹಿಡಿಯಿರಿ. ಮೇಲಿನ ಅಳತೆಯ ಎಂಜಿನ್ನೇ, ಲೆಕ್ಕಕ್ಕೆ ಅನುಕೂಲವಾಗುವಂತೆ ಕೊಟ್ಟ ಅಂಕಿಗಳು. ಎಂಜಿನ್ ಸ್ವಚ್ಛವಿದ್ದಾಗ 95 ಸುತ್ತಿನಲ್ಲಿ ಸ್ಕ್ಯಾವೆಂಜ್ ಒತ್ತಡ ಗೇಜಿನಲ್ಲಿ 1.9 ಬಾರ್, ಕಂಪ್ರೆಷನ್ 101 ಬಾರ್, ಸಿಲಿಂಡರುಗಳ ಎಕ್ಸಾಸ್ಟ್ ಸರಾಸರಿ 335 ಡಿಗ್ರಿ. ಇವತ್ತು ಅದೇ 95 ಸುತ್ತಿನಲ್ಲಿ ಸ್ಕ್ಯಾವೆಂಜ್ 1.6, ಕಂಪ್ರೆಷನ್ 90, ಆರೂ ಸಿಲಿಂಡರ್ 365–372 ಡಿಗ್ರಿ.

ಮೊದಲ ಪ್ರಶ್ನೆ, ಎಂಜಿನ್ ಹೆಚ್ಚು ಕೆಲಸ ಮಾಡುತ್ತಿದೆಯೇ? ಹಡಗಿನ ತಳಕ್ಕೆ ಪಾಚಿ, ಚಿಪ್ಪು ಹಿಡಿದಿದ್ದರೆ, ಎದುರುಗಾಳಿ ಇದ್ದರೆ, ಅದೇ ಸುತ್ತಿಗೆ ಹೆಚ್ಚು ಎಣ್ಣೆ ಬೇಕು. ಫ್ಯೂಯಲ್ ಇಂಡೆಕ್ಸ್ ಏರಿರುತ್ತದೆ. ಆಗ ಸ್ಕ್ಯಾವೆಂಜ್ ಒತ್ತಡವೂ ಏರಬೇಕಿತ್ತು. ಇಲ್ಲಿ ಇಂಡೆಕ್ಸ್ ಬದಲಾಗಿಲ್ಲ, ಒತ್ತಡ ಇಳಿದಿದೆ. ಹಾಗಾಗಿ ಇದು ಹೊರೆಯ ಮಾತಲ್ಲ.

ಎರಡನೆಯದು, ಕಂಪ್ರೆಷನ್ ಇಳಿದದ್ದಕ್ಕೆ ಸಿಲಿಂಡರ್ ಸೋರಿಕೆ ಕಾರಣವೇ? ಇದಕ್ಕೊಂದು ಒಳ್ಳೆಯ ಪರೀಕ್ಷೆ ಇದೆ, ಪುಸ್ತಕದಲ್ಲಿದ್ದರೂ ಹೆಚ್ಚಿನವರು ಬಳಸುವುದಿಲ್ಲ. ಕಂಪ್ರೆಷನ್ ಒತ್ತಡವನ್ನು ಸ್ಕ್ಯಾವೆಂಜ್ ಒತ್ತಡದಿಂದ ಭಾಗಿಸಿ. ಆದರೆ ಗೇಜ್ ತೋರಿಸುವುದು ವಾತಾವರಣಕ್ಕಿಂತ ಹೆಚ್ಚಿರುವ ಒತ್ತಡವನ್ನು ಮಾತ್ರ. ಆದ್ದರಿಂದ ಎರಡಕ್ಕೂ ವಾತಾವರಣದ 1 ಬಾರ್ ಕೂಡಿಸಿಕೊಳ್ಳಬೇಕು. ಸಮುದ್ರ ಮಟ್ಟದಲ್ಲಿ 1 ಸರಿಹೋಗುತ್ತದೆ. 800 ಮೀಟರಿಗೂ ಎತ್ತರವಿರುವ ನಮ್ಮ ತುಮಕೂರಿನಲ್ಲಾದರೆ 0.92 ಹಿಡಿಯಬೇಕಿತ್ತು.

```
ಸ್ವಚ್ಛ ಸ್ಥಿತಿ: (101 + 1) / (1.9 + 1) = 35.2
ಇವತ್ತು:      (90 + 1)  / (1.6 + 1) = 35.0
```

ಅನುಪಾತ ಹೆಚ್ಚುಕಡಿಮೆ ಅಷ್ಟೇ ಇದೆ. ಅಂದರೆ ಸಿಲಿಂಡರುಗಳು ತಮಗೆ ಬಂದ ಗಾಳಿಯನ್ನು ಮೊದಲಿನಷ್ಟೇ ಚೆನ್ನಾಗಿ ಒತ್ತುತ್ತಿವೆ. ಬರುತ್ತಿರುವ ಗಾಳಿಯೇ ಕಡಿಮೆ. ಅನುಪಾತ 32ಕ್ಕೋ 31ಕ್ಕೋ ಇಳಿದಿದ್ದರೆ ರಿಂಗು, ವಾಲ್ವು ಎನ್ನಬಹುದಿತ್ತು. ಕೂಡಿಸುವ ಆ 1 ಬಾರನ್ನು ಮರೆತರೆ ಏನಾಗುತ್ತದೆ ನೋಡಿ: 53 ಮತ್ತು 56 ಬರುತ್ತದೆ, ಸಿಲಿಂಡರ್ ಮೊದಲಿಗಿಂತ ಸುಧಾರಿಸಿದೆ ಎಂಬ ವಿಚಿತ್ರ ತೀರ್ಮಾನಕ್ಕೆ ಬರುತ್ತೀರಿ.

ಮೂರನೆಯದು, ಗಾಳಿ ಎಲ್ಲಿ ತಡೆಯುತ್ತಿದೆ? ಇದಕ್ಕೆ ಗಾಳಿಯ ದಾರಿಯನ್ನು ಮತ್ತೆ ನಡೆದು, ಪ್ರತಿ ತಡೆಯ ಎರಡೂ ಬದಿಯ ಒತ್ತಡದ ವ್ಯತ್ಯಾಸ ಓದಬೇಕು. ಯೂ ಆಕಾರದ ಕೊಳವೆಯಲ್ಲಿ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಓದುವುದು ರೂಢಿ. ಇವತ್ತಿನ ಓದು ಹೀಗಿದೆ ಎನ್ನಿ. ಎಂಜಿನ್ ರೂಮಿನ ಗಾಳಿಯ ತಾಪದಲ್ಲಿ ವ್ಯತ್ಯಾಸವಿಲ್ಲ. ಟರ್ಬೋ ಫಿಲ್ಟರಿನಲ್ಲಿ 20 ಇದ್ದದ್ದು 21. ಏರ್ ಕೂಲರಿನಲ್ಲಿ 110 ಇದ್ದದ್ದು 190. ಟರ್ಬೈನಿನ ನಂತರದ ಹೊಗೆಯ ದಾರಿಯಲ್ಲಿ 180 ಇದ್ದದ್ದು 170.

ಕಳ್ಳ ಸಿಕ್ಕಿಬಿದ್ದ. ಏರ್ ಕೂಲರಿನ ಒತ್ತಡ ವ್ಯತ್ಯಾಸ ಸ್ವಚ್ಛ ಸ್ಥಿತಿಗಿಂತ ಅರ್ಧದಷ್ಟು ಹೆಚ್ಚಾದರೆ ತೊಳೆಯುವ ಸಮಯ ಎಂಬುದು ಸಾಮಾನ್ಯ ಮಿತಿ. 110ಕ್ಕೆ ಅರ್ಧ ಸೇರಿಸಿದರೆ 165, ನಾವು 190ರಲ್ಲಿದ್ದೇವೆ. ಚಿಮಣಿ ಕಡೆಯ ತಡೆ 170ಕ್ಕೆ ಇಳಿದದ್ದು ಸುಧಾರಣೆ ಅಲ್ಲ. ಹರಿಯುವ ಹೊಗೆಯೇ ಕಡಿಮೆಯಾಗಿದೆ, ಅಷ್ಟೆ. ಗಾಳಿ ಕಡಿಮೆ ಎಂಬ ನಮ್ಮ ಮಾತಿಗೆ ಇದೂ ಒಂದು ಸಾಕ್ಷಿ.

ಕೂಲರಿನಲ್ಲೂ ಎರಡು ಬದಿ ಇದೆ. ಗಾಳಿಯ ಬದಿಯ ರೆಕ್ಕೆಗಳಲ್ಲಿ ಎಣ್ಣೆ, ನೂಲು, ಧೂಳು ಕಟ್ಟಿದರೆ ಗಾಳಿಯ ಒತ್ತಡ ವ್ಯತ್ಯಾಸ ಏರುತ್ತದೆ. ನೀರಿನ ಬದಿ ಕೊಳೆಯಾದರೆ ಈ ವ್ಯತ್ಯಾಸ ಬದಲಾಗುವುದಿಲ್ಲ, ಹೊರಬರುವ ಗಾಳಿ ಮಾತ್ರ ಬಿಸಿಯಾಗಿರುತ್ತದೆ. ಆದ್ದರಿಂದ ಎರಡನ್ನೂ ಓದಿ. ಒತ್ತಡ ನೋಡದೆ ಬರೀ ತಾಪ ನೋಡಿ ನೀರಿನ ಬದಿಯ ಟ್ಯೂಬಿಗೆ ಬ್ರಷ್ ಹಾಕುತ್ತಾ ಕೂತರೆ ಒಂದು ದಿನದ ದುಡಿಮೆ ವ್ಯರ್ಥ.

ತೊಳೆಯುವುದು ಎಂಜಿನ್ ನಿಂತಾಗ, ಬಂದರಿನಲ್ಲೋ ಲಂಗರಿನಲ್ಲೋ. ಕೂಲರಿನ ಮೇಲಿನಿಂದ ರಾಸಾಯನಿಕ ದ್ರಾವಣವನ್ನು ಪಂಪಿನಿಂದ ಸುತ್ತಿಸಿ, ಆಮೇಲೆ ಸಿಹಿನೀರಿನಲ್ಲಿ ಜಾಲಾಡಿಸುತ್ತಾರೆ. ಕೆಳಗಿನ ಡ್ರೈನ್ ಪೂರ್ತಿ ತೆರೆದಿದೆಯೆಂದು ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ದ್ರಾವಣ ಸ್ಕ್ಯಾವೆಂಜ್ ಜಾಗಕ್ಕೆ ನುಗ್ಗುತ್ತದೆ. ಮಿಸ್ಟ್ ಕ್ಯಾಚರಿನ ಪಟ್ಟಿಗಳನ್ನೂ ಆಗಲೇ ನೋಡಿ. ಅಲ್ಲಿಯವರೆಗೆ ಹಡಗು ಓಡಲೇಬೇಕೆಂದರೆ ಸುತ್ತು ಇಳಿಸಿ ಓಡಿಸಿ.

7. ಸರ್ಜಿಂಗ್ ಮತ್ತು ಟರ್ಬೋ ತೊಳೆಯುವುದು

ಮೇಲಿನ ಕೂಲರನ್ನು ಹಾಗೇ ಬಿಟ್ಟಿದ್ದರೆ ಮುಂದಿನ ಅಧ್ಯಾಯ ಸರ್ಜಿಂಗ್. ಕಂಪ್ರೆಸರ್ ಮುಂದೆ ತಳ್ಳಲಾಗದಷ್ಟು ಹರಿವು ಕುಗ್ಗಿದಾಗ ಒತ್ತಿಟ್ಟ ಗಾಳಿ ಹಿಂದಕ್ಕೆ ನುಗ್ಗಿ ಫಿಲ್ಟರಿನಿಂದ ಹೊರಬರುತ್ತದೆ. ತೋಪು ಹಾರಿಸಿದಂಥ ಸದ್ದು, ಮತ್ತೆ ಮತ್ತೆ. ಬೇರಿಂಗಿಗೂ ಬ್ಲೇಡಿಗೂ ಪೆಟ್ಟು. ಬಿರುಗಾಳಿಯಲ್ಲಿ ಪ್ರೊಪೆಲ್ಲರ್ ನೀರಿನಿಂದ ಮೇಲೆದ್ದು ಲೋಡ್ ಏರಿಳಿಯುವಾಗ, ಅಥವಾ ಒಂದು ಸಿಲಿಂಡರಿಗೆ ಎಣ್ಣೆ ನಿಂತಾಗಲೂ ಇದು ಬರಬಹುದು. ಅಂಥ ಹೊತ್ತಿನಲ್ಲಿ ಆಗೊಂದು ಈಗೊಂದು ಬಂದರೆ ಗಾಬರಿ ಬೇಡ. ಶಾಂತ ಸಮುದ್ರದಲ್ಲಿ ಪದೇ ಪದೇ ಬಂದರೆ ಸುತ್ತು ಇಳಿಸಿ, 6ನೇ ಹಂತದ ಓದುಗಳನ್ನು ತೆಗೆಯಿರಿ.

ತೊಳೆಯುವ ಬಗ್ಗೆ ಗೊಂದಲ ಬಹಳ. ಕಂಪ್ರೆಸರ್ ಬದಿಗೆ ಎಂಜಿನ್ ಹೆಚ್ಚಿನ ಲೋಡಿನಲ್ಲಿ ಓಡುತ್ತಿರುವಾಗಲೇ ಸ್ವಲ್ಪ ಸಿಹಿನೀರನ್ನು ಕೆಲವೇ ಸೆಕೆಂಡಿನಲ್ಲಿ ಬಿಡುತ್ತಾರೆ. ವೇಗದಿಂದ ಬಡಿಯುವ ಹನಿಗಳೇ ಕೊಳೆ ಕೆತ್ತುತ್ತವೆ. ಉಪ್ಪುನೀರು ಎಂದಿಗೂ ಬೇಡ. ಟರ್ಬೈನ್ ಬದಿ ಇದಕ್ಕೆ ವಿರುದ್ಧ. ಅಲ್ಲಿ ನೀರು ಬಳಸುವುದಾದರೆ ಎಂಜಿನ್ ವೇಗ ಇಳಿಸಿ, ಹೊಗೆಯ ತಾಪ ತಯಾರಕರು ಹೇಳಿದ ಮಿತಿಗಿಂತ ಕೆಳಗೆ ಬಂದ ಮೇಲೆಯೇ. ಕೆಂಡದಂಥ ಬ್ಲೇಡಿಗೆ ತಣ್ಣೀರು ಬಿದ್ದರೆ ಬಿರುಕು ಖಚಿತ. ವೇಗ ಇಳಿಸಲಾಗದ ಹಡಗುಗಳಲ್ಲಿ ಅಕ್ರೋಟಿನ ಚಿಪ್ಪಿನ ತರಿಯನ್ನು ಗಾಳಿಯ ಒತ್ತಡದಿಂದ ಊದಿ ಮಸಿ ಉದುರಿಸುತ್ತಾರೆ. ಇದು ಲೋಡ್ ಇರುವಾಗಲೇ ಮಾಡುವ ಕೆಲಸ. ವಾರಗಟ್ಟಲೆ ಬಿಟ್ಟು ದಪ್ಪ ಕಟ್ಟಿದ ಮೇಲೆ ತೊಳೆಯಲು ಹೋದರೆ ಮಸಿ ಒಂದು ಕಡೆ ಮಾತ್ರ ಉದುರಿ ಚಕ್ರದ ತೂಕ ಏರುಪೇರಾಗುತ್ತದೆ, ಟರ್ಬೋ ನಡುಗಲು ಶುರುವಾಗುತ್ತದೆ.

8. ಎಣ್ಣೆ ಬದಲಿಸುವಾಗ

2020ರ ಜನವರಿ 1ರಿಂದ ಜಗತ್ತಿನೆಲ್ಲೆಡೆ ಹಡಗಿನ ಎಣ್ಣೆಯಲ್ಲಿ ಗಂಧಕ 0.50%ಕ್ಕಿಂತ ಹೆಚ್ಚಿರುವಂತಿಲ್ಲ; ಹೊಗೆ ತೊಳೆಯುವ ಸ್ಕ್ರಬ್ಬರ್ ಇರುವ ಹಡಗುಗಳಿಗೆ ಮಾತ್ರ ವಿನಾಯಿತಿ. ಉತ್ತರ ಸಮುದ್ರ, ಬಾಲ್ಟಿಕ್, ಉತ್ತರ ಅಮೆರಿಕದ ಕರಾವಳಿ, 2025ರ ಮೇ 1ರಿಂದ ಮೆಡಿಟರೇನಿಯನ್ ಸಹ, 0.10%ರ ವಲಯಗಳು. ಅವುಗಳ ಗಡಿ ದಾಟುವ ಮೊದಲು ಬಿಸಿ ಕಪ್ಪೆಣ್ಣೆಯಿಂದ ತಣ್ಣನೆಯ ಗ್ಯಾಸ್ ಆಯಿಲಿಗೆ ಬದಲಾಗಬೇಕು.

ಅಪಾಯ ಇರುವುದು ತಾಪದ ಇಳಿತದಲ್ಲಿ. ಫ್ಯೂಯಲ್ ಪಂಪಿನ ಪ್ಲಂಜರ್ ಮತ್ತು ಬ್ಯಾರಲ್ ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು. ತಣ್ಣನೆಯ ಎಣ್ಣೆ ದಿಢೀರನೆ ಬಂದರೆ ಎರಡೂ ಒಂದೇ ವೇಗದಲ್ಲಿ ಕುಗ್ಗುವುದಿಲ್ಲ, ಪ್ಲಂಜರ್ ಕಚ್ಚಿಕೊಳ್ಳುತ್ತದೆ. ನಿಮಿಷಕ್ಕೆ 2 ಡಿಗ್ರಿಗಿಂತ ವೇಗವಾಗಿ ತಾಪ ಬದಲಾಗಬಾರದು. 135 ಡಿಗ್ರಿಯಿಂದ 45ಕ್ಕೆ ಇಳಿಯಬೇಕೆಂದರೆ 90 ಡಿಗ್ರಿ; ಕನಿಷ್ಠ 45 ನಿಮಿಷ. ಇದು ತಾಪದ ಲೆಕ್ಕ ಮಾತ್ರ. ಸುತ್ತುತ್ತಿರುವ ಕೊಳವೆಗಳಲ್ಲಿ ಹಳೆಯ ಎಣ್ಣೆ ಬೆರೆತೇ ಇರುತ್ತದೆ. ಗಂಧಕ 0.10ಕ್ಕೆ ಇಳಿಯಲು ಇನ್ನೂ ಗಂಟೆಗಳೇ ಹಿಡಿಯಬಹುದು, ಆ ಲೆಕ್ಕ ಹಡಗಿನ ಚೇಂಜ್‌ಓವರ್ ಪಟ್ಟಿಯಲ್ಲಿರುತ್ತದೆ.

ಕ್ರಮ ಹೀಗೆ: ಮೊದಲು ಲೋಡ್ ಇಳಿಸಿ. ಹೀಟರಿನ ಹಬೆಯನ್ನು ನಿಧಾನವಾಗಿ ಕಡಿಮೆ ಮಾಡಿ. ಆಮೇಲೆ ಗ್ಯಾಸ್ ಆಯಿಲನ್ನು ಬೆರೆಸುತ್ತಾ ಬನ್ನಿ, ಹಬೆ ಪೂರ್ತಿ ನಿಲ್ಲಿಸಿ, ಕೊಳವೆಗಳ ಜತೆ ಹೋಗುವ ಹಬೆಯ ಟ್ರೇಸಿಂಗ್ ಲೈನನ್ನೂ ಮುಚ್ಚಿ. ಈ ಕೊನೆಯದನ್ನು ಮರೆಯುವವರು ಬಹಳ. ಟ್ರೇಸಿಂಗ್ ತೆರೆದೇ ಇದ್ದರೆ ತೆಳು ಎಣ್ಣೆ ಬಿಸಿಯಾಗಿ, ಎಂಜಿನ್ನಿಗೆ ಬೇಕಾದ ಕನಿಷ್ಠ 2 ಸೆಂಟಿಸ್ಟೋಕ್‌ಗಿಂತಲೂ ನೀರಾಗುತ್ತದೆ. ಪಂಪಿನಲ್ಲಿ ಒತ್ತಡ ನಿಲ್ಲುವುದಿಲ್ಲ. ಓಡುತ್ತಿರುವಾಗ ಇದು ಗೊತ್ತಾಗದೆ ಇರಬಹುದು. ಬಂದರಿನೊಳಗೆ ನಿಲ್ಲಿಸಿ, ಹಿಮ್ಮುಖವಾಗಿ ಸ್ಟಾರ್ಟ್ ಮಾಡಲು ಹೋದಾಗ ಎಂಜಿನ್ ಹಿಡಿಯುವುದೇ ಇಲ್ಲ. ಹಾಗಾಗಿ ಬದಲಾವಣೆ ಮುಗಿದ ಮೇಲೆ, ಪೈಲಟ್ ಹತ್ತುವ ಮುಂಚೆ, ತೆರೆದ ಸಮುದ್ರದಲ್ಲೇ ಬ್ರಿಜ್‌ನವರನ್ನು ಕೇಳಿ ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ಸ್ಟಾರ್ಟ್ ಮಾಡಿ ನೋಡಿ. ಆಗ ಪ್ರತಿ ಪಂಪಿನ ರ್ಯಾಕ್ ಸಲೀಸಾಗಿ ಚಲಿಸುತ್ತಿದೆಯೇ ಎಂಬುದನ್ನು ಒಬ್ಬರು ಪಂಪಿನ ಪಕ್ಕದಲ್ಲೇ ನಿಂತು ನೋಡಬೇಕು. ಕಂಟ್ರೋಲ್ ರೂಮಿನ ಪರದೆಯಲ್ಲಿ ಕಾಣುವುದು ಗವರ್ನರ್ ಕೇಳಿದ ಅಂಕಿ, ಕಚ್ಚಿಕೊಂಡ ಪ್ಲಂಜರ್ ಅಲ್ಲಿ ಕಾಣುವುದಿಲ್ಲ.